x ln x ಅನ್ನು ಭಿನ್ನರಾಶಿ ಮಾಡುವಾಗ ಯಾವುದನ್ನು ಕೆಳಗೆ ಇಳಿಸಬೇಕು?

ಅಥಣಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ನಿನ್ನೆ ರಾತ್ರಿ ಹಾಸ್ಟೆಲಿನಲ್ಲಿ ಒಂದೇ ಲೆಕ್ಕದ ಮೇಲೆ ಎರಡು ತಾಸು ಕೂತಿದ್ದೆ. ಲೆಕ್ಕ ಇಷ್ಟೇ: x ಬಲಗಡೆಯಿಂದ ಸೊನ್ನೆಗೆ ಹೋಗುವಾಗ x ln x ನ ಲಿಮಿಟ್ ಎಷ್ಟು?

ಗುಣಾಕಾರದ ಮೇಲೆ ಎಲ್ ಹಾಸ್ಪಿಟಲ್ ರೂಲ್ ನೇರವಾಗಿ ನಡೆಯಲ್ಲ, ಮೊದಲು ಭಿನ್ನರಾಶಿ ಮಾಡಬೇಕು ಅಂತ ಕ್ಲಾಸಿನಲ್ಲಿ ಹೇಳಿದ್ದರು. ಅದಕ್ಕೆ ನಾನು x ಅನ್ನು ಮೇಲೆ ಇಟ್ಟು, ln x ಅನ್ನು ಕೆಳಗೆ ಇಳಿಸಿದೆ:

x ln x = x / (1/ln x)

ಇದು 0/0 ಆಯಿತು. ರೂಲ್ ಹಾಕಬಹುದು ಅಲ್ವಾ? ಮೇಲಿನದನ್ನು ಡಿಫರೆನ್ಷಿಯೇಟ್ ಮಾಡಿದರೆ 1. ಕೆಳಗಿನದು −1/(x (ln x)²). ಭಾಗಿಸಿದರೆ ಬಂದದ್ದು −x (ln x)². ಇದು ಮೊದಲಿಗಿಂತ ಕಷ್ಟದ್ದು. ಬಿಡದೆ ಇನ್ನೊಮ್ಮೆ ಹಾಗೇ ಮಾಡಿದೆ. ಈಗ x (ln x)³/2 ಬಂತು. ಪ್ರತಿ ಸಲ ln ನ ಘಾತ ಒಂದೊಂದು ಏರುತ್ತಿದೆ, ಲೆಕ್ಕ ಮುಗಿಯುತ್ತಿಲ್ಲ. ಪುಸ್ತಕದ ಹಿಂದೆ ಉತ್ತರ 0 ಅಂತ ಇದೆ. ನಾನು ಎಲ್ಲಿ ತಪ್ಪಿದೆ?

ಮುಧೋಳದವ

ತಮ್ಮಾ, ಇದಕ್ಕೆ ಯಾವ ರೂಲೂ ಬೇಡ. x ಸೊನ್ನೆಗೆ ಹೋಗುತ್ತದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಉತ್ತರ 0. ಪುಸ್ತಕವೂ ಅದನ್ನೇ ಹೇಳುತ್ತಿದೆ. ಸುಮ್ನೆ ಎರಡು ತಾಸು ಹಾಳು ಮಾಡಿಕೊಂಡೆ.

ಗುಮ್ಮಟನಗರಿ_ಮಾಸ್ತರ

ಮುಧೋಳದವರೇ, ಉತ್ತರ ಸರಿ. ಆದರೆ ಕಾರಣ ಸರಿ ಇಲ್ಲ. x ಸೊನ್ನೆಯ ಹತ್ತಿರ ಹೋಗುತ್ತದೆ, ಸೊನ್ನೆ ಆಗುವುದಿಲ್ಲ. ಅದೇ ಹೊತ್ತಿಗೆ ln x ಕೆಳಮುಖವಾಗಿ ಅನಂತದ ಕಡೆ ಓಡುತ್ತದೆ. ಒಂದು ಕುಗ್ಗುತ್ತಿದೆ, ಇನ್ನೊಂದು ಹಿಗ್ಗುತ್ತಿದೆ. ಗುಣಲಬ್ಧ ಏನಾಗುತ್ತದೆ ಅನ್ನುವುದು ಯಾರ ಓಟ ಜೋರು ಅನ್ನುವುದರ ಮೇಲಿದೆ.

ನಿಮ್ಮ ಮಾತು ನಿಜವಾಗಿದ್ದರೆ x × (1/x) ಕೂಡ ಸೊನ್ನೆಗೆ ಹೋಗಬೇಕಿತ್ತು. ಅದು ಯಾವಾಗಲೂ 1. x × (1/x²) ಸೊನ್ನೆಗೆ ಹೋಗಬೇಕಿತ್ತು. ಅದು ಅನಂತಕ್ಕೆ ಹೋಗುತ್ತದೆ. ಈ ಮೂರರಲ್ಲೂ ಒಂದು ಕಡೆ ಅದೇ x ಇದೆ. ಹಾಗಾಗಿ "ಸೊನ್ನೆ ಸಲ ಏನಾದರೂ" ಅನ್ನುವುದು ಇಲ್ಲಿ ಉತ್ತರ ಕೊಡಲ್ಲ.

ಅಥಣಿಯ ತಮ್ಮಾ, ನೀನು ಮಾಡಿದ ಯಾವ ಹೆಜ್ಜೆಯೂ ತಪ್ಪಲ್ಲ. ನಿನ್ನ ಡಿಫರೆನ್ಷಿಯೇಷನ್ ನೋಡಿದೆ, ಎರಡು ಸಲವೂ ಸರಿ ಇದೆ. ತಪ್ಪಿದ್ದು ಆಯ್ಕೆ. ಕೆಳಗೆ ಇಳಿಸಬೇಕಾದದ್ದು x ಅನ್ನು, ln ಅನ್ನು ಅಲ್ಲ.

x ln x = ln x / (1/x)

ಈಗ ಅಂಶ −∞ ಗೆ, ಛೇದ +∞ ಗೆ. ಅಂಶದ ಡೆರಿವೇಟಿವ್ 1/x. ಛೇದದ ಡೆರಿವೇಟಿವ್ −1/x². ಭಾಗಿಸು: (1/x) ÷ (−1/x²) = (1/x) × (−x²) = −x. ಇದು ಸೊನ್ನೆಗೆ ಹೋಗುತ್ತದೆ. ಒಂದೇ ಸುತ್ತು.

ಅಥಣಿ_ಹುಡುಗ

ಸರ್, ತುಂಬಾ ಥ್ಯಾಂಕ್ಸ್. ಆದರೆ ಒಂದು ಪ್ರಶ್ನೆ ಉಳಿಯಿತು. ಎರಡೂ ಭಿನ್ನರಾಶಿಗಳು ಅದೇ x ln x ಅಲ್ವಾ? ಒಂದರಲ್ಲಿ ಒಂದೇ ಸಲಕ್ಕೆ ಮುಗಿಯುತ್ತದೆ, ಇನ್ನೊಂದರಲ್ಲಿ ಮುಗಿಯುವುದೇ ಇಲ್ಲ. ಹೊಸ ಲೆಕ್ಕ ಬಂದಾಗ ಯಾವುದನ್ನು ಇಳಿಸಬೇಕು ಅಂತ ಮೊದಲೇ ಹೇಗೆ ಗೊತ್ತಾಗುತ್ತದೆ? ಪರೀಕ್ಷೆಯಲ್ಲಿ ಎರಡನ್ನೂ ಮಾಡಿ ನೋಡುವಷ್ಟು ಹೊತ್ತು ಇರಲ್ಲ.

ಗುಮ್ಮಟನಗರಿ_ಮಾಸ್ತರ

ಒಳ್ಳೆಯ ಪ್ರಶ್ನೆ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಹುಡುಗರು ಇದನ್ನು ಕೇಳಲಿ ಅಂತ ಕಾಯುತ್ತಿದ್ದೆ.

ಡಿಫರೆನ್ಷಿಯೇಟ್ ಮಾಡಿದಾಗ ಯಾವುದು ಮಾಯವಾಗುತ್ತದೆ, ಯಾವುದು ಅಂಟಿಕೊಂಡು ಉಳಿಯುತ್ತದೆ ಅಂತ ನೋಡು. ln x ಒಂಟಿಯಾಗಿ ಮೇಲೆ ಕೂತಿದ್ದರೆ ಅದರ ಡೆರಿವೇಟಿವ್ 1/x. ಲಾಗ್ ಅನ್ನುವ ವಸ್ತುವೇ ಹೋಯಿತು. ಉಳಿದದ್ದು ಬರೀ x ನ ಘಾತಗಳು, ಅವು ಕೂಡಿ ಕಳೆದು ಮುಗಿಯುತ್ತವೆ. ಅದೇ ln x ಅನ್ನು 1/ln x ಮಾಡಿ ಕೆಳಗೆ ಕಳಿಸಿದರೆ, ಚೈನ್ ರೂಲ್ ಅದನ್ನು ಬಿಡುವುದಿಲ್ಲ. −1/(ln x)² ಉಳಿಯುತ್ತದೆ, ಪಕ್ಕದಲ್ಲಿ 1/x ಕೂಡ ಬರುತ್ತದೆ. ಲಾಗ್ ಹೋಗಲಿಲ್ಲ, ಘಾತ ಏರಿತು. ನಿನಗೆ ಆದದ್ದು ಇದೇ.

ಇನ್ನು x ಕಡೆ ನೋಡು. x ಅನ್ನು 1/x ಮಾಡಿದರೂ ಅದು x ನ ಘಾತವೇ, x⁻¹. ಡಿಫರೆನ್ಷಿಯೇಟ್ ಮಾಡಿದರೂ ಘಾತವೇ ಬರುತ್ತದೆ. x ಗೆ ತಲೆಕೆಳಗಾಗಿ ನಿಲ್ಲುವುದು ಕಷ್ಟವಲ್ಲ. ಲಾಗ್‌ಗೆ ಕಷ್ಟ. ಅದಕ್ಕೆ ಲಾಗ್ ಮೇಲೆ ಇರಲಿ, ಘಾತ ಕೆಳಗೆ ಇಳಿಯಲಿ.

ಇನ್ನೊಂದು ಮಾತು. (1/x) ÷ (−1/x²) ಬಂದ ಕೂಡಲೇ ಅದನ್ನು −x ಅಂತ ಸರಳ ಮಾಡಲೇಬೇಕು. ಬಹಳ ಹುಡುಗರು ಇಲ್ಲಿ ಎಡವುವುದನ್ನು ನೋಡಿದ್ದೇನೆ. ಸರಳ ಮಾಡದೆ "ಇನ್ನೂ ∞/∞ ಇದೆ" ಅಂತ ಮತ್ತೆ ರೂಲ್ ಹಾಕುತ್ತಾರೆ. ಆಗ (−1/x²) ÷ (2/x³) ಬರುತ್ತದೆ. ಮತ್ತೆ ∞/∞. ಮತ್ತೆ ಹಾಕಿದರೆ (2/x³) ÷ (−6/x⁴). ಮತ್ತೆ ಅದೇ. ಇದು ನೂರು ಸಲ ಮಾಡಿದರೂ ನಿಲ್ಲುವುದಿಲ್ಲ. ಯಾವ ಹಂತದಲ್ಲಿ ಸರಳ ಮಾಡಿದರೂ −x, −x/2, −x/3 ಹೀಗೆ ಸಿಗುತ್ತದೆ, ಎಲ್ಲವೂ ಸೊನ್ನೆಗೇ ಹೋಗುತ್ತವೆ. ಆದರೆ ಸರಳ ಮಾಡದವನಿಗೆ ಅದು ಕಾಣುವುದೇ ಇಲ್ಲ.

ಗೋಕಾಕ_ಕರದಂಟು

ನನಗೆ ಬೇರೆ ಉತ್ತರ ಬರುತ್ತಿದೆ ಸರ್. ln x / x ಗೆ ರೂಲ್ ಹಾಕಿದೆ. ಮೇಲೆ 1/x, ಕೆಳಗೆ 1. ಹಾಗಾದರೆ 1/x, ಅಂದರೆ +∞. ಪುಸ್ತಕದ ಉತ್ತರ ತಪ್ಪು ಇರಬಹುದು ಅನಿಸುತ್ತದೆ.

ಇಳಕಲ್_ಸೀರೆ

ಗೋಕಾಕದ ತಮ್ಮಾ, ಪ್ರಶ್ನೆ ಇನ್ನೊಮ್ಮೆ ಓದು. ಅವರು ಕೇಳಿದ್ದು x ಮತ್ತು ln x ಗಳ ಗುಣಲಬ್ಧ. ಭಿನ್ನರಾಶಿಯ ಕೆಳಗೆ ಬರುವುದು 1/x, ಬರೀ x ಅಲ್ಲ. ಆ ಒಂದು ಗೆರೆ ಬಿಟ್ಟುಹೋದರೆ ಲೆಕ್ಕವೇ ಬೇರೆ.

ಆದರೆ ನೀನು ಬರೆದದ್ದರಲ್ಲೂ ಕಲಿಯುವುದು ಇದೆ. ನಿನ್ನ ln x / x ಗೇ ಉತ್ತರ ಹುಡುಕೋಣ. ಮೇಲೆ −∞, ಕೆಳಗೆ ಸೊನ್ನೆಯ ಹತ್ತಿರದ ಧನ ಸಂಖ್ಯೆ. ಇದು 0/0 ಅಲ್ಲ, ∞/∞ ಕೂಡ ಅಲ್ಲ. ಇಲ್ಲಿ ಎಳೆದಾಟವೇ ಇಲ್ಲ, ಇಬ್ಬರೂ ಒಂದೇ ಕಡೆ ಎಳೆಯುತ್ತಿದ್ದಾರೆ. x = 0.01 ಇಟ್ಟು ನೋಡು: −4.605 ಅನ್ನು 0.01 ರಿಂದ ಭಾಗಿಸಿದರೆ −460.5. ಇನ್ನೂ ಸಣ್ಣ x ಇಟ್ಟರೆ ಇನ್ನೂ ಕೆಳಗೆ. ಉತ್ತರ −∞. ನಿನ್ನ ರೂಲ್ ಕೊಟ್ಟದ್ದು +∞. ಚಿಹ್ನೆಯೇ ತಿರುಗಿದೆ. ರೂಲ್ ಹಾಕುವ ಮೊದಲು ರೂಪ ನೋಡದಿದ್ದರೆ ಹೀಗೆ ಆಗುತ್ತದೆ.

ಗೋಕಾಕ_ಕರದಂಟು

ಹೌದು ಅಕ್ಕಾ, ಈಗ ಗೊತ್ತಾಯಿತು. ನಾನು ರೂಪ ನೋಡಿಯೇ ಇರಲಿಲ್ಲ. ಭಾಗಾಕಾರ ಕಂಡರೆ ರೂಲ್ ಹಾಕಬೇಕು ಅಂದುಕೊಂಡಿದ್ದೆ.

ಮುಧೋಳದವ

ಮಾಸ್ತರರ ಮಾತಿನ ಮೇಲೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಬಂದದ್ದು ಇಲ್ಲಿ ಹಾಕುತ್ತೇನೆ.

x = 0.9 ಇಟ್ಟಾಗ −0.0948
x = 0.5 ಇಟ್ಟಾಗ −0.3466
x = 0.1 ಇಟ್ಟಾಗ −0.2303
x = 0.01 ಇಟ್ಟಾಗ −0.0461
x = 0.001 ಇಟ್ಟಾಗ −0.0069

ಮೊದಲು ಕೆಳಗೆ ಇಳಿಯಿತು, ಆಮೇಲೆ ಮೇಲೆ ಬರತೊಡಗಿತು. 0.5 ರ ತನಕ ನೋಡಿದವರಿಗೆ ಇದು ಸೊನ್ನೆಗೆ ಹೋಗುತ್ತದೆ ಅಂತ ನಂಬಿಕೆಯೇ ಬರಲ್ಲ. ಮಧ್ಯದಲ್ಲಿ ಏನೋ ಒಂದು ತಗ್ಗು ಇದೆ. ಅದು ಎಲ್ಲಿ?

ಗುಮ್ಮಟನಗರಿ_ಮಾಸ್ತರ

ಬಹಳ ಚಲೋ ಕೆಲಸ ಮಾಡಿದಿರಿ. ಆ ತಗ್ಗು x = 1/e ನಲ್ಲಿದೆ, ಸುಮಾರು 0.3679. ಅಲ್ಲಿ ಬೆಲೆಯೂ −0.3679 ಆಗುತ್ತದೆ. x ln x ನ ಡೆರಿವೇಟಿವ್ ln x + 1. ಅದು ಸೊನ್ನೆ ಆಗುವುದು ln x = −1 ಆದಾಗ, ಅಂದರೆ ಅಲ್ಲೇ.

ತಗ್ಗಿನ ಬಲಕ್ಕೆ ಲಾಗ್ ಗೆಲ್ಲುತ್ತಿದೆ ಅನಿಸುತ್ತದೆ. ಎಡಕ್ಕೆ ಬಂದಂತೆ x ಗೆಲ್ಲುತ್ತದೆ. ನಿಮ್ಮ ಕೊನೆಯ ಎರಡು ಸಾಲು ನೋಡಿ. x ಹತ್ತು ಪಟ್ಟು ಸಣ್ಣದಾಯಿತು. ಅದೇ ಹೊತ್ತಿಗೆ ln x ಬರೀ −4.6 ರಿಂದ −6.9 ಕ್ಕೆ ಹೋಯಿತು. x ಪ್ರತಿ ಸಲ ಹತ್ತರಿಂದ ಭಾಗವಾಗುತ್ತದೆ, ಲಾಗ್‌ಗೆ ಪ್ರತಿ ಸಲ 2.3 ಮಾತ್ರ ಕೂಡುತ್ತದೆ. ಭಾಗಿಸುವವನ ಮುಂದೆ ಕೂಡಿಸುವವನು ನಿಲ್ಲಲಾರ. ಈ ಲಿಮಿಟ್ ಯಾಕೆ ಸೊನ್ನೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ರೂಲ್ ಆಮೇಲೆ.

ನವನಗರ_ತೋಟ

ನಾನು ಗಣಿತದವಳಲ್ಲ. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದುತ್ತಿದ್ದೇನೆ. ಈ ಚರ್ಚೆ ನೋಡಿ ನನ್ನ ತೊಂದರೆಯೂ ಇದೇ ಇರಬಹುದು ಅನಿಸಿತು.

ದ್ರಾಕ್ಷಿ ತೋಟಗಳಲ್ಲಿ ಯಾವ ಕಳೆ ಎಷ್ಟಿದೆ ಅಂತ ಎಣಿಸುತ್ತಿದ್ದೇನೆ. ಪ್ರತಿ ತೋಟಕ್ಕೆ ಶಾನನ್ ಸೂಚ್ಯಂಕ ತೆಗೆಯಬೇಕು. ಪ್ರತಿ ಕಳೆಯ ಪಾಲು p ಆದರೆ, −p ln p ಗಳನ್ನೆಲ್ಲ ಕೂಡಿಸುವುದು. ನನ್ನ ಪಟ್ಟಿಯಲ್ಲಿ 11 ಜಾತಿ ಇವೆ. ಆದರೆ ಒಂದು ತೋಟದಲ್ಲಿ ಮೂರೇ ಸಿಕ್ಕವು: ನೂರರಲ್ಲಿ ಕರಿಕೆ 50, ಜೇಕು 30, ಕಾಂಗ್ರೆಸ್ ಕಸ 20. ಉಳಿದ ಎಂಟರ ಪಾಲು ಸೊನ್ನೆ. ಎಕ್ಸೆಲ್ ಆ ಎಂಟು ಕಡೆ #NUM! ತೋರಿಸುತ್ತದೆ, ಮೊತ್ತವೂ ಬರುವುದಿಲ್ಲ. ಜೊತೆಗಿದ್ದ ಒಬ್ಬರು "ಸೊನ್ನೆ ಇದ್ದ ಕಡೆ 0.01 ಹಾಕು, ನಡೆಯುತ್ತದೆ" ಅಂದರು. ಹಾಕಿದೆ. ಸೂಚ್ಯಂಕ 1.40 ಬಂತು. ಇದು ಸರಿಯಾ?

ಇಳಕಲ್_ಸೀರೆ

ಸರಿ ಇಲ್ಲ. ಸಿಕ್ಕ ಮೂರನ್ನೇ ಕೈಯಲ್ಲಿ ಮಾಡಿ ನೋಡೋಣ. 0.5 ಕ್ಕೆ 0.3466. 0.3 ಕ್ಕೆ 0.3612. 0.2 ಕ್ಕೆ 0.3219. ಕೂಡಿಸಿದರೆ 1.03. ನಿಮ್ಮ 1.40 ಎಲ್ಲಿಂದ ಬಂತು ಗೊತ್ತಾ? 0.01 ಹಾಕಿದ ಪ್ರತಿ ಜಾಗವೂ 0.046 ಕೂಡಿಸುತ್ತದೆ. ಎಂಟು ಸೇರಿ 0.37. ಇಲ್ಲದ ಕಳೆಗಳು ನಿಮ್ಮ ಸೂಚ್ಯಂಕವನ್ನು ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಉಬ್ಬಿಸಿವೆ.

ಮುಧೋಳದವರ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. x ln x ಸೊನ್ನೆಗೆ ಹೋಗುವುದು ನಿಜ, ಆದರೆ 0.01 ರಲ್ಲಿ ಅದು ಇನ್ನೂ ತಲುಪಿಲ್ಲ. x ಗಿಂತ ನಾಲ್ಕೂವರೆ ಪಟ್ಟು ದೊಡ್ಡದಿದೆ. 0.0001 ಹಾಕಿದ್ದರೆ ಎಂಟೂ ಸೇರಿ 0.007 ಮಾತ್ರ ಕೂಡುತ್ತಿತ್ತು. ಅದೂ ಬೇಡ. ಲಿಮಿಟ್ ಸೊನ್ನೆ ಅಂತ ಗೊತ್ತಿರುವಾಗ ನೇರವಾಗಿ ಸೊನ್ನೆಯನ್ನೇ ಬರೆಯಿರಿ:

```
=IF(B2=0, 0, -B2*LN(B2))
```

LN ಅಂತಲೇ ಹಾಕಿ. LOG ಅಂತ ಹಾಕಿದರೆ ಎಕ್ಸೆಲ್ ಹತ್ತರ ಲಾಗ್ ತೆಗೆಯುತ್ತದೆ. ಆಗಲೂ ಲಿಮಿಟ್ ಸೊನ್ನೆಯೇ, ಆದರೆ ಸೂಚ್ಯಂಕ 2.303 ಪಟ್ಟು ಸಣ್ಣದು ಬರುತ್ತದೆ.

ನವನಗರ_ತೋಟ

ಅಕ್ಕಾ, ನಿಮ್ಮ ಸೂತ್ರ ಹಾಕಿದೆ. 1.03 ಬಂತು. ಇನ್ನು ಆರು ತೋಟಗಳಲ್ಲೂ ನಾನು 0.01 ಹಾಕಿದ್ದೆ, ಎಲ್ಲವನ್ನೂ ಮತ್ತೆ ಮಾಡುತ್ತೇನೆ. ಯಾವ ತೋಟದಲ್ಲಿ ಜಾತಿ ಕಡಿಮೆ ಇತ್ತೋ ಅಲ್ಲೇ ತಪ್ಪು ಜಾಸ್ತಿ ಆಗಿರುತ್ತದೆ ಅಲ್ವಾ? ಹಾಗಾದರೆ ತೋಟ ತೋಟಗಳ ನಡುವಿನ ವ್ಯತ್ಯಾಸವನ್ನೇ ನಾನು ಅಳಿಸಿಬಿಟ್ಟಿದ್ದೆ.

ಟಿಳಕವಾಡಿ_ಕೋಡ್

ನಾನು ಪೈಥಾನ್‌ನಲ್ಲಿ ಇದೇ ಕಷ್ಟ ಅನುಭವಿಸಿದ್ದೇನೆ. ನಂಪೈನಲ್ಲಿ `0.0 * np.log(0.0)` ಬರೆದರೆ `nan` ಬರುತ್ತದೆ. ಅದು ಮೊದಲು ಲಾಗ್ ತೆಗೆದು −inf ಮಾಡಿಕೊಳ್ಳುತ್ತದೆ, ಆಮೇಲೆ ಸೊನ್ನೆಯಿಂದ ಗುಣಿಸುತ್ತದೆ. ಸೈಪೈನಲ್ಲಿ `scipy.special.xlogy(0, 0)` ಹಾಕಿದರೆ 0 ಬರುತ್ತದೆ. ನನ್ನ ಅಭಿಪ್ರಾಯದಲ್ಲಿ 0 × ln 0 ಅಂದರೆ ಎಲ್ಲ ಕಡೆ 0 ಅಂತಲೇ ಭಾಷೆಗಳು ಒಪ್ಪಿಕೊಳ್ಳಬೇಕು.

ಗುಮ್ಮಟನಗರಿ_ಮಾಸ್ತರ

ಇದನ್ನು ನಾನು ಒಪ್ಪುವುದಿಲ್ಲ. x ln x ನಲ್ಲಿ ಹೊರಗಿನ x, ಲಾಗ್ ಒಳಗಿನ x ಎರಡೂ ಒಂದೇ. ಒಂದೇ ವೇಗದಲ್ಲಿ ಸೊನ್ನೆಗೆ ಹೋಗುತ್ತವೆ. ಅದಕ್ಕೇ ಉತ್ತರ ಸೊನ್ನೆ. ಹೊರಗೆ ಒಂದು, ಒಳಗೆ ಇನ್ನೊಂದು ಇದ್ದರೆ? ಹೊರಗೆ 1/n, ಒಳಗೆ e⁻ⁿ ಇಡಿ. n ದೊಡ್ಡದಾದಂತೆ ಎರಡೂ ಸೊನ್ನೆಗೆ ಹೋಗುತ್ತವೆ. ಗುಣಲಬ್ಧ (1/n) × (−n) = −1. ಯಾವಾಗಲೂ −1. ಆ `nan` ನಿಮಗೆ ಹೇಳುತ್ತಿರುವುದು ಇದನ್ನೇ.

ತೋಟದ ತಂಗಿಯ ಲೆಕ್ಕದಲ್ಲಿ ಎರಡೂ p ಒಂದೇ. ಅಲ್ಲಿ ಸೊನ್ನೆ ಹಾಕುವುದು ನ್ಯಾಯ.

ಟಿಳಕವಾಡಿ_ಕೋಡ್

ಸರ್, ನಿಮ್ಮ ಉದಾಹರಣೆ ಸರಿ. ಆದರೂ ಕ್ರಾಸ್ ಎಂಟ್ರೋಪಿಯಲ್ಲಿ p ln q ಇರುವಾಗ, p ಕರಾರುವಾಕ್ಕಾಗಿ ಸೊನ್ನೆ ಇದ್ದರೆ ಆ ಪದಕ್ಕೆ ತೂಕವೇ ಇಲ್ಲ. ಅಲ್ಲಿ q ಎಷ್ಟೇ ಇದ್ದರೂ 0 ಅನ್ನುವುದೇ ನನಗೆ ಸರಿ ಅನಿಸುತ್ತದೆ. ಅದು ಲಿಮಿಟ್‌ನ ಮಾತಲ್ಲ, ಒಪ್ಪಂದದ ಮಾತು.

ಗುಮ್ಮಟನಗರಿ_ಮಾಸ್ತರ

ಒಪ್ಪಂದ ಅಂತ ಹೆಸರು ಹೇಳಿ ಮಾಡಿದರೆ ನನ್ನ ತಕರಾರು ಇಲ್ಲ. ಭಾಷೆಯೇ ಸದ್ದಿಲ್ಲದೆ ಮಾಡುವುದು ನನಗೆ ಇಷ್ಟವಿಲ್ಲ. ಇದರಲ್ಲಿ ನಾವಿಬ್ಬರೂ ಬೇರೆ ಬೇರೆಯೇ ಇರೋಣ.

ಮುಧೋಳದವ

ನನ್ನ ಮಗಳು ಸೆಕೆಂಡ್ ಪಿಯುಸಿ. ಅವಳ ಪುಸ್ತಕದಲ್ಲಿ ಈ ರೂಲ್ ಇಲ್ಲ. ಅದಿಲ್ಲದೆ ತೋರಿಸಲು ಆಗುತ್ತದಾ?

ಗುಮ್ಮಟನಗರಿ_ಮಾಸ್ತರ

ಆಗುತ್ತದೆ. u ಧನ ಸಂಖ್ಯೆ ಇದ್ದರೆ ln u ಯಾವಾಗಲೂ u ಗಿಂತ ಸಣ್ಣದು. ಇಷ್ಟು ಅವಳಿಗೆ ಗ್ರಾಫಿನಿಂದ ಗೊತ್ತಿರುತ್ತದೆ. u ಜಾಗದಲ್ಲಿ 1/√x ಇಡಲಿ. ಎಡಗಡೆ ln(1/√x), ಅಂದರೆ −ln x ನ ಅರ್ಧ. ಬಲಗಡೆ 1/√x. ಎರಡೂ ಕಡೆ 2x ನಿಂದ ಗುಣಿಸಿದರೆ −x ln x < 2√x. x ಒಂದಕ್ಕಿಂತ ಸಣ್ಣದಿದ್ದಾಗ ಎಡಗಡೆ ಧನ. ಅದು ಸೊನ್ನೆ ಮತ್ತು 2√x ನಡುವೆ ಸಿಕ್ಕಿಕೊಂಡಿದೆ. 2√x ಸೊನ್ನೆಗೆ ಹೋದರೆ ಅದಕ್ಕೂ ಬೇರೆ ದಾರಿ ಇಲ್ಲ.

x = 0.01 ಇಟ್ಟರೆ 0.046 < 0.2. ಅಂತರ ಜಾಸ್ತಿ ಇದೆ, ಆದರೆ ಸಾಧಿಸಲು ಇಷ್ಟು ಸಾಕು.

ಇಳಕಲ್_ಸೀರೆ

ಸರ್, ಇದನ್ನು ಬರೆದರೆ ಪಿಯುಸಿಯಲ್ಲಿ ಪೂರ್ತಿ ಅಂಕ ಕೊಡುತ್ತಾರಾ? ನನಗೆ ಗೊತ್ತಿರುವ ಕೆಲವು ಉಪನ್ಯಾಸಕರು ಕೊಡುತ್ತೇವೆ ಅನ್ನುತ್ತಾರೆ, ಕೆಲವರು ಪುಸ್ತಕದ ದಾರಿ ಬೇಕು ಅನ್ನುತ್ತಾರೆ.

ಗುಮ್ಮಟನಗರಿ_ಮಾಸ್ತರ

ನಾನು ಕೊಡುತ್ತಿದ್ದೆ. ಎಲ್ಲರ ಪರವಾಗಿ ಹೇಳಲಾರೆ.

ಅಥಣಿ_ಹುಡುಗ

ಸರ್, ಈಗಷ್ಟೇ ಊಟ ಮುಗಿಸಿ ಬಂದು ನನ್ನ ಹಳೆಯ ಹಾಳೆ ತೆಗೆದೆ. ನಾನು ಸಿಕ್ಕಿಕೊಂಡಿದ್ದ −x (ln x)² ಗೇ ನಿಮ್ಮ ಮಾತಿನಂತೆ ಮಾಡಿದೆ. ಲಾಗ್ ಮೇಲೆ, ಘಾತ ಕೆಳಗೆ:

−(ln x)² / (1/x)

ಅಂಶದ ಡೆರಿವೇಟಿವ್ −2 ln x / x. ಛೇದದ್ದು −1/x². ಸರಳ ಮಾಡಿದರೆ 2x ln x. ಅದು ಸೊನ್ನೆಗೆ ಹೋಗುತ್ತದೆ ಅಂತ ಈಗ ಗೊತ್ತಿದೆ. ಅಂದರೆ ನಿನ್ನೆ ನಾನು ನಿಲ್ಲಿಸಿದ ಜಾಗದಿಂದಲೂ ದಾರಿ ಇತ್ತು. ಲಾಗ್‌ನ ಘಾತ ಈ ಸಲ ಏರಲಿಲ್ಲ, ಒಂದು ಇಳಿಯಿತು.

√x ln x ಕೂಡ ಮಾಡಿದೆ. ಕೆಳಗೆ x^(−1/2) ಇಟ್ಟೆ. −2√x ಬಂತು. ಚಿಹ್ನೆ ಸರಿ ಇದೆಯಾ ನೋಡಿ ಸರ್.

ಗುಮ್ಮಟನಗರಿ_ಮಾಸ್ತರ

ಸರಿ ಇದೆ. ಈಗ x ln x ಅನ್ನು e ನ ಘಾತಕ್ಕೆ ಏರಿಸಿ, x ಘಾತ x ನ ಲಿಮಿಟ್ ತೆಗೆ. ನಾಳೆ ಇಲ್ಲೇ ಹಾಕು, ನೋಡುತ್ತೇನೆ.